ಮೊದಲ ಪದವಿಗೆ ಮೂವತ್ತು ಎಲೆ

ನಮ್ಮ ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ವೇದಿಕೆ ಹತ್ತುವವರು ಹೆಚ್ಚಾಗಿ ಚಿನ್ನದ ಪದಕ ಪಡೆದವರು ಮತ್ತು ಪಿಎಚ್.ಡಿ. ಮುಗಿಸಿದವರು. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಓದಿ ಪಾಸಾದವರಿಗೆ ಪದವಿ ಪ್ರಮಾಣಪತ್ರ ಕೈಗೆ ಬರುವ ಬಗೆಯೇ ಬೇರೆ. ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ತಿಂಗಳುಗಟ್ಟಲೆ ಕಾಯಬೇಕು. ಆಮೇಲೊಂದು ದಿನ ಕಚೇರಿಯ ಕಿಟಕಿಯಲ್ಲಿ ಸಹಿ ಹಾಕಿ ಲಕೋಟೆ ತೆಗೆದುಕೊಂಡು ಬರಬೇಕು. ಅಪ್ಪ, ಅಮ್ಮ, ಅಜ್ಜಿ ಕಣ್ತುಂಬ ನೋಡುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ವಂಶದಲ್ಲೇ ಮೊದಲ ಸಲ ಡಿಗ್ರಿ ಮುಗಿಸಿದವರಿಗೆ ಮನೆಯವರು ಹಾಕುವ ಊಟವೇ ಘಟಿಕೋತ್ಸವ. ಅದನ್ನು ಚಿಕ್ಕದಾಗಿ, ಸಾಲ ಮಾಡದೆ, ಯಾರ ಮನಸ್ಸೂ ನೋಯದಂತೆ ಮಾಡುವುದಕ್ಕೆ ಒಂದಿಷ್ಟು ಯೋಜನೆ ಬೇಕು.

ಮದ್ದೂರು ಕಡೆಯ ಒಂದು ಮನೆಯ ಲೆಕ್ಕ ಹಿಡಿದೇ ಹೇಳುತ್ತೇನೆ. ಹೆಸರುಗಳು ಬೇಡ. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ತಂದೆಗೆ ಗದ್ದೆ ಕೂಲಿ, ಕಬ್ಬು ಕಡಿಯುವ ಕೆಲಸ. ಮಗ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ಬೈಕ್ ಗ್ಯಾರೇಜು ಸೇರಿದವನು. ಮಗಳು ಈಗ ಬಿ.ಕಾಂ. ಪಾಸು. ಎರಡು ಕೋಣೆಯ ಶೀಟಿನ ಮನೆ, ಮುಂದೆ ಹದಿನೈದು ಜನ ಸಾಲಾಗಿ ಕೂರುವಷ್ಟು ಅಂಗಳ. ಕರೆಯಬೇಕೆಂದುಕೊಂಡದ್ದು ಮೂವತ್ತು ಜನರನ್ನು.

ಮೊದಲು ದಿನ ಗೊತ್ತುಮಾಡುವ ವಿಚಾರ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಸಂಜೆಯೇ ಊರಿಗೆಲ್ಲ ಹೇಳಿಬಿಡುವ ಆಸೆ ಸಹಜ. ಆದರೆ ಹಿಂದಿನ ಯಾವುದಾದರೂ ಸೆಮಿಸ್ಟರಿನ ವಿಷಯವೊಂದು ಉಳಿದಿದ್ದರೆ, ಇಲ್ಲವೇ ಒಂದು ಪತ್ರಿಕೆಯ ಅಂಕ ಸೇರದೆ ಫಲಿತಾಂಶ ತಡೆಹಿಡಿಯಲ್ಪಟ್ಟಿದ್ದರೆ ಪದವಿ ಮುಗಿದಂತಲ್ಲ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳನ್ನೂ ಒಂದು ಕಡೆ ಇಟ್ಟು, ಪ್ರತಿ ವಿಷಯದ ಮುಂದೆ ಪಾಸು ಎಂದಿರುವುದನ್ನು ಮಗಳೇ ಕೂತು ನೋಡಿ ಹೇಳಲಿ. ಪ್ರೊವಿಷನಲ್ ಸರ್ಟಿಫಿಕೇಟ್ ಸಿಕ್ಕಿದ್ದರೆ ಇನ್ನೂ ಒಳ್ಳೆಯದು. ಘಟಿಕೋತ್ಸವಕ್ಕೆ ಕಾಯುವುದು ಬೇಡ, ಅಷ್ಟರಲ್ಲಿ ಎಲ್ಲರ ಉತ್ಸಾಹ ಆರಿರುತ್ತದೆ. ಜೊತೆಗೆ ಓದಿದ ಗೆಳತಿಯರೂ ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿರುತ್ತಾರೆ.

ಫಲಿತಾಂಶ ಆಷಾಢದಲ್ಲಿ ಬಂದರೆ ಅಜ್ಜಿ ಒಪ್ಪುವುದಿಲ್ಲ. ಅವರನ್ನು ಒಪ್ಪಿಸಲು ಹೊರಡುವುದಕ್ಕಿಂತ ಶ್ರಾವಣದ ಒಂದು ಭಾನುವಾರ ಹಿಡಿಯುವುದು ಮೇಲು. ಪಿತೃಪಕ್ಷವನ್ನೂ ಬಿಡಿ. ದುಡಿಯುವ ಮನೆಗೆ ಪಂಚಾಂಗದಷ್ಟೇ ಮುಖ್ಯವಾದ ಇನ್ನೊಂದು ತಾರೀಖು ಸಂಬಳದ್ದು. ಗಾರ್ಮೆಂಟ್ಸ್ ಸಂಬಳ ಸಾಮಾನ್ಯವಾಗಿ ಹತ್ತನೇ ತಾರೀಖಿನೊಳಗೆ ಆಗುತ್ತದೆ, ವಾರದ ರಜೆ ಭಾನುವಾರ. ಹತ್ತರ ನಂತರದ ಮೊದಲ ಭಾನುವಾರ ಇಟ್ಟುಕೊಂಡರೆ ಮಾಡುವವರ ಕೈಯಲ್ಲೂ ಕಾಸಿರುತ್ತದೆ, ಬರುವವರ ಬಸ್ಸು-ಆಟೋ ಖರ್ಚಿಗೂ ತೊಂದರೆ ಆಗುವುದಿಲ್ಲ. ನಮ್ಮ ಮನೆಯವರು ಅದನ್ನೇ ಮಾಡಿದರು. ಮಧ್ಯಾಹ್ನ ಹನ್ನೆರಡೂವರೆಗೆ ಸೇರುವುದು, ಒಂದಕ್ಕೆ ಮಾತು, ಒಂದೂಕಾಲಿಗೆ ಮೊದಲ ಪಂಕ್ತಿ.

ಯಾರನ್ನು ಕರೆಯಬೇಕು

ಮದುವೆಯ ಪಟ್ಟಿ ತೆಗೆದುಕೊಂಡು ಕೂತರೆ ಮೂವತ್ತು ಹೆಸರು ಮೊದಲ ಪುಟದಲ್ಲೇ ಮುಗಿದುಹೋಗುತ್ತವೆ, ಬೇಕಾದವರು ಉಳಿದುಬಿಡುತ್ತಾರೆ. ಈ ಊಟಕ್ಕೆ ಪಟ್ಟಿಯನ್ನು ಬೇರೆ ಕಡೆಯಿಂದ ಶುರುಮಾಡಬೇಕು. ಮೂರು ವರ್ಷವನ್ನು ಸೆಮಿಸ್ಟರ್ ಸೆಮಿಸ್ಟರಾಗಿ ನೆನಪು ಮಾಡಿಕೊಳ್ಳಿ. ಯಾವ ಹೊತ್ತಿನಲ್ಲಿ ಓದು ನಿಂತೇ ಹೋಗುವ ಹಾಗಿತ್ತು, ಆಗ ಯಾರು ಬಂದರು? ಆ ಹೆಸರುಗಳನ್ನು ಮೊದಲು ಬರೆಯಿರಿ. ನಮ್ಮ ಮನೆಯಲ್ಲಿ ಹೀಗೆ ಬರೆದಾಗ ಸಿಕ್ಕವರು ಇವರು: ಪರೀಕ್ಷೆ ಶುಲ್ಕದ ಕೊನೆಯ ದಿನ ದುಡ್ಡು ತಂದ ಸೋದರತ್ತೆ, ಬಿ.ಸಿ.ಎಂ. ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ಹೆಂಗಸು, ವಿದ್ಯಾರ್ಥಿವೇತನದ ಅರ್ಜಿ ಸರಿಪಡಿಸಿಕೊಟ್ಟ ಲೆಕ್ಚರರ್, ಪ್ರೈಮರಿ ಶಾಲೆಯ ಮೇಷ್ಟ್ರು, ಕರೆಂಟು ಹೋದಾಗ ತಮ್ಮ ಮನೆಯಲ್ಲಿ ಓದಲು ಜಾಗ ಕೊಟ್ಟ ಎದುರು ಮನೆಯವರು, ಮೂವರು ಗೆಳತಿಯರು. ಇವರ ಪೈಕಿ ಅರ್ಧದಷ್ಟು ಜನ ಮದುವೆ ಪಟ್ಟಿಯಲ್ಲಿ ಬರುವವರೇ ಅಲ್ಲ. ಇವರಾದ ಮೇಲೆ ಉಳಿದ ಜಾಗಕ್ಕೆ ಹತ್ತಿರದ ನೆಂಟರು.

ನೆಂಟರಲ್ಲಿ ಯಾರನ್ನು ಬಿಟ್ಟರೂ ಮಾತು ಬರುತ್ತದೆ. ಒಂದು ಗೆರೆ ಹಾಕಿಕೊಂಡು ಎಲ್ಲರಿಗೂ ಅದನ್ನೇ ಹೇಳಿದರೆ ಮುನಿಸು ಕಡಿಮೆ. ಇಲ್ಲಿ ಹಾಕಿದ ಗೆರೆ, ಅಪ್ಪ-ಅಮ್ಮನ ಒಡಹುಟ್ಟಿದವರು ಮತ್ತು ಅವರ ಮಕ್ಕಳು ಮಾತ್ರ ಎಂದು. ಹಿರಿಯರ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕು, ಫೋನಿನಲ್ಲಿ ಕರೆದರೆ ನಮ್ಮ ಕಡೆ ಅದು ಕರೆದಂತಲ್ಲ. ಉಳಿದವರಿಗೆ ವಾಟ್ಸಾಪಿನಲ್ಲಿ ನಾಲ್ಕು ಸಾಲು ಸಾಕು. ಹಾಸ್ಟೆಲಿನ ಅಡಿಗೆಯವರನ್ನೂ ಲೆಕ್ಚರರನ್ನೂ ಮಗಳೇ ಹೋಗಿ ಕರೆಯಬೇಕು. ಅಡಿಗೆಯವರಿಗೆ ಭಾನುವಾರವೂ ಹಾಸ್ಟೆಲಿನಲ್ಲಿ ಕೆಲಸ ಇರುತ್ತದೆ. ಅವರ ಬಿಡುವು ಯಾವಾಗ ಎಂದು ಮೊದಲೇ ಕೇಳಿಕೊಂಡು ಊಟದ ಹೊತ್ತು ಗೊತ್ತುಮಾಡಿದರೆ ಮಾತ್ರ ಅವರು ಬರಲಾಗುತ್ತದೆ.

ಕರೆಯುವಾಗಲೇ ತೀರ್ಮಾನಿಸಬೇಕಾದ ಇನ್ನೊಂದು ವಿಷಯ ಮುಯ್ಯಿ. ನಮ್ಮ ಹಳ್ಳಿಗಳಲ್ಲಿ ಮನೆಯ ಕಾರ್ಯವೆಂದರೆ ಬಾಗಿಲ ಬಳಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ, ಯಾರು ಎಷ್ಟು ಹಾಕಿದರೆಂದು ಬರೆಯುತ್ತಾರೆ. ಬರೆದದ್ದು ಮುಂದೆ ಅವರ ಮನೆಯ ಕಾರ್ಯಕ್ಕೆ ಒಂದಿಷ್ಟು ಸೇರಿಸಿ ತೀರಿಸಬೇಕಾದದ್ದು. ಮದುವೆ, ಗೃಹಪ್ರವೇಶಕ್ಕೆ ಇದರಿಂದ ಅನುಕೂಲವೂ ಇದೆ. ಈ ಊಟಕ್ಕೆ ಮಾತ್ರ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಯ್ಯಿ ಇದೆ ಎಂದರೆ ಕೈ ಬಿಗಿಯಾಗಿರುವವರು ಏನಾದರೂ ನೆಪ ಹೇಳಿ ಬರುವುದೇ ಇಲ್ಲ. ಓದಿಗೆ ನಿಜವಾಗಿ ನೆರವಾದವರು ಎಷ್ಟೋ ಸಲ ಇವರೇ ಆಗಿರುತ್ತಾರೆ. ಹೇಳುವುದನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮ ಮನೆಯ ಕರೆಯೋಲೆ ಇಷ್ಟೇ ಇತ್ತು: "ನಮ್ಮ ಮಗಳು ಬಿ.ಕಾಂ. ಪಾಸಾಗಿದ್ದಾಳೆ. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಊಟಕ್ಕೆ ಬನ್ನಿ. ಮುಯ್ಯಿ, ಉಡುಗೊರೆ ಏನೂ ಬೇಡ, ಬಂದು ಆಶೀರ್ವಾದ ಮಾಡಿ." ಇಷ್ಟಾದರೂ ಇಬ್ಬರು ಹಿರಿಯರು ಹುಡುಗಿಯ ಕೈಗೆ ನೋಟು ತುರುಕಿಯೇ ತುರುಕುತ್ತಾರೆ. ಅದನ್ನು ತಡೆಯಬೇಡಿ, ಬರೆಯಲೂ ಬೇಡಿ.

ಅಡಿಗೆಯ ಲೆಕ್ಕ

ಮಂಡ್ಯ ಕಡೆ ಮನೆಯಲ್ಲಿ ಕಾರ್ಯ ಅಂದರೆ "ಬಾಡೂಟ ಇಲ್ವಾ?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ನಲವತ್ತು ಜನಕ್ಕೆ ಬಾಡೂಟ ಹಾಕಬೇಕೆಂದರೆ ಕಡಿಮೆಯೆಂದರೂ 6 ಕೆ.ಜಿ. ಮಟನ್ ಬೇಕು. ಉಳಿದೆಲ್ಲ ಅಡಿಗೆಯ ಖರ್ಚು ಸೇರಿದರೂ ಅಷ್ಟಾಗುವುದಿಲ್ಲ. ಶ್ರಾವಣದಲ್ಲಿ ಅರ್ಧ ಜನ ತಿನ್ನುವುದೂ ಇಲ್ಲ. ಬರುವವರಲ್ಲಿ ಸಸ್ಯಾಹಾರಿಗಳಿದ್ದರೆ ಎರಡು ಒಲೆ, ಎರಡು ಪಂಕ್ತಿ ಆಗುತ್ತದೆ, ಚಿಕ್ಕ ಮನೆಯಲ್ಲಿ ಅದು ನಿಭಾಯಿಸಲಾಗದ ಕೆಲಸ. ಹಾಗಾಗಿ ಇಲ್ಲಿ ಆರಿಸಿದ್ದು ಬಿಸಿಬೇಳೆಬಾತ್, ಮೊಸರನ್ನ, ಕೋಸಂಬರಿ, ಕೇಸರಿಬಾತ್, ಹಪ್ಪಳ, ಬಾಳೆಹಣ್ಣು. ಮುಖ್ಯವಾದ ಅಡಿಗೆ ಒಂದೇ ಪಾತ್ರೆಯಲ್ಲಿ ಮುಗಿಯುತ್ತದೆ, ಬಡಿಸಲು ಇಬ್ಬರಿದ್ದರೆ ಸಾಕು.

ಮೂವತ್ತು ಜನರನ್ನು ಕರೆದಿದ್ದರೆ ನಲವತ್ತು ಜನಕ್ಕೆ ಅಡಿಗೆ ಮಾಡಿ. ಮಕ್ಕಳು ಬರುತ್ತವೆ, ಅಕ್ಕಪಕ್ಕದವರು ಇಣುಕುತ್ತಾರೆ, ಅವರನ್ನು ಹಾಗೆಯೇ ಕಳಿಸಲಾಗುವುದಿಲ್ಲ. ಬಿಸಿಬೇಳೆಬಾತಿಗೆ 2.5 ಕೆ.ಜಿ. ಅಕ್ಕಿ, 1.25 ಕೆ.ಜಿ. ತೊಗರಿಬೇಳೆ, 2.5 ಕೆ.ಜಿ. ತರಕಾರಿ ಸಾಕು. ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ ಹೊಂದುತ್ತವೆ. ಹುಣಸೆಹಣ್ಣು 250 ಗ್ರಾಂ, ಪುಡಿ ಸುಮಾರು 300 ಗ್ರಾಂ. ಮೊಸರನ್ನಕ್ಕೆ 1.25 ಕೆ.ಜಿ. ಅಕ್ಕಿ, 1.5 ಲೀಟರ್ ಹಾಲು, 2 ಲೀಟರ್ ಮೊಸರು. ಕೇಸರಿಬಾತಿಗೆ 1 ಕೆ.ಜಿ. ರವೆ, 1.5 ಕೆ.ಜಿ. ಸಕ್ಕರೆ, ಅರ್ಧ ಕೆ.ಜಿ. ತುಪ್ಪ. ಕೋಸಂಬರಿಗೆ ಅರ್ಧ ಕೆ.ಜಿ. ಹೆಸರುಬೇಳೆ ನೆನೆಹಾಕಿದರೆ ಸೌತೆಕಾಯಿ, ಕ್ಯಾರೆಟ್ ತುರಿ ಸೇರಿ ಎಲ್ಲರಿಗೂ ಬರುತ್ತದೆ.

ಇಷ್ಟು ಅಡಿಗೆಗೆ ಮನೆಯ ಪಾತ್ರೆ ಸಾಲುವುದಿಲ್ಲ. ಶಾಮಿಯಾನದ ಅಂಗಡಿಯಲ್ಲಿ 30 ಲೀಟರ್ ಹಿಡಿಯುವ ಪಾತ್ರೆಯೊಂದು, ದೊಡ್ಡ ಬರ್ನರ್, ಉದ್ದನೆಯ ಸೌಟು, ಹತ್ತು ಕುರ್ಚಿ, ಎರಡು ಜಮಖಾನ ಬಾಡಿಗೆಗೆ ತನ್ನಿ. ಮಂಡಿನೋವಿನವರಿಗೆ ಕುರ್ಚಿ ಬೇಕು, ಉಳಿದವರು ಜಮಖಾನದ ಮೇಲೆ ಕೂರುತ್ತಾರೆ. ಅಕ್ಕಿ ಬೇಳೆಯನ್ನು ಮನೆಯ ಕುಕ್ಕರಿನಲ್ಲಿ ಎರಡು ಮೂರು ಸಲವಾಗಿ ಮೆತ್ತಗೆ ಬೇಯಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ತರಕಾರಿ, ಹುಳಿ, ಪುಡಿಯ ಜೊತೆ ಕೂಡಿಸುವುದು ಕ್ಷೇಮ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಸಿಯಿಂದ ಬೇಯಿಸಲು ಹೋದರೆ ಬೇಳೆ ಬೇಯುವಷ್ಟರಲ್ಲಿ ಅಕ್ಕಿ ತಳ ಹಿಡಿದಿರುತ್ತದೆ. ತಳ ಹಿಡಿದದ್ದು ಮೂಗಿಗೆ ಮೊದಲು ಗೊತ್ತಾಗುತ್ತದೆ. ಆಗ ಸೌಟು ಹಾಕಿ ಕೆರೆಯಬಾರದು, ಮೇಲಿನದನ್ನು ಹಾಗೆಯೇ ಬೇರೆ ಪಾತ್ರೆಗೆ ಬಗ್ಗಿಸಿಬಿಡಬೇಕು.

ಬಿಸಿಬೇಳೆಬಾತಿನ ವಿಷಯದಲ್ಲಿ ಮನೆಯ ಅಡಿಗೆಯವರು ಎಡವುವುದು ಹದದಲ್ಲಿ. ಒಲೆಯ ಮೇಲೆ ಸರಿಯಾಗಿದೆ ಅನ್ನಿಸಿದ್ದು ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗಿ, ಎರಡನೇ ಪಂಕ್ತಿಗೆ ಸೌಟಿನಿಂದ ಇಳಿಯುವುದೇ ಇಲ್ಲ. ಇಳಿಸುವಾಗ ಸೌಟಿನಿಂದ ಧಾರೆಯಾಗಿ ಬೀಳುವಷ್ಟು ತೆಳ್ಳಗಿರಲಿ. ಪಕ್ಕದಲ್ಲಿ ಎರಡು ಲೀಟರ್ ನೀರು ಕುದಿಯುತ್ತಿರಲಿ, ಪ್ರತಿ ಪಂಕ್ತಿಗೆ ಮುಂಚೆ ಅದರಲ್ಲಿ ಸ್ವಲ್ಪ ಮತ್ತು ಒಂದು ಚಮಚ ತುಪ್ಪ ಹಾಕಿ ತಿರುವಿ. ತಣ್ಣೀರು ಸುರಿದರೆ ರುಚಿ ಕೆಡುತ್ತದೆ. ಮೊಸರನ್ನವನ್ನು ಬೆಳಿಗ್ಗೆ ಹಾಲಿನಲ್ಲೇ ಕಲೆಸಿ, ಒಂದೆರಡು ಚಮಚ ಮೊಸರು ಹಾಕಿಟ್ಟು, ಉಳಿದ ಮೊಸರನ್ನು ಬಡಿಸುವ ಹೊತ್ತಿಗೆ ಸೇರಿಸಿದರೆ ಹುಳಿ ಬರುವುದಿಲ್ಲ.

ದಿನಸಿ, ಹಾಲು, ತರಕಾರಿಗೆ ಇಂದಿನ ಬೆಲೆಯಲ್ಲಿ ಸುಮಾರು ಎರಡೂವರೆ ಸಾವಿರ, ಬಾಡಿಗೆ, ಎಲೆ, ಎಲೆ-ಅಡಿಕೆಗೆ ಇನ್ನೊಂದು ಒಂದೂವರೆ ಸಾವಿರ. ಹೆಚ್ಚೆಂದರೆ ಐದು ಸಾವಿರದಲ್ಲಿ ಮುಗಿಯಬೇಕು. ಸ್ತ್ರೀಶಕ್ತಿ ಸಂಘದ ಸಾಲವನ್ನು ಇದಕ್ಕೆ ತೆಗೆಯಬಾರದು, ಆ ಸಾಲದ ಕಂತು ಮುಂದೆ ಹುಡುಗಿಯ ಪರೀಕ್ಷೆ ಅರ್ಜಿಗಳ ದುಡ್ಡನ್ನೇ ತಿನ್ನುತ್ತದೆ.

ಬೆಳಗಿನಿಂದ ಹುಡುಗಿ ಅಡಿಗೆಮನೆಗೆ ಹೋಗಕೂಡದು. ಹೆಣ್ಣುಮಗಳು ಪಾಸಾದ ಊಟದಲ್ಲಿ ಅವಳ ಕೈಗೇ ಕಾಫಿ ತಟ್ಟೆ ಬರುವುದನ್ನು ನಾನು ತುಂಬ ಮನೆಗಳಲ್ಲಿ ನೋಡಿದ್ದೇನೆ. ಯಾರೂ ಬೇಕೆಂದು ಮಾಡುವುದಲ್ಲ, ರೂಢಿ ಹಾಗೆ ನಡೆಸುತ್ತದೆ. ಅದಕ್ಕೇ ಹಿಂದಿನ ದಿನವೇ ಬಡಿಸುವವರು ಯಾರೆಂದು ಹೆಸರು ಹಿಡಿದು ಹೇಳಿಬಿಡಬೇಕು. ಇಲ್ಲಿ ಅಪ್ಪ ಮತ್ತು ಚಿಕ್ಕಪ್ಪನ ಮಕ್ಕಳು ಬಡಿಸಿದರು. ಮೊದಲ ಪಂಕ್ತಿಯಲ್ಲಿ ಹುಡುಗಿ, ಅವಳ ಎಡಕ್ಕೆ ಅಜ್ಜಿ, ಬಲಕ್ಕೆ ಅಣ್ಣ, ಆಚೆಗೆ ಲೆಕ್ಚರರ್, ಹಾಸ್ಟೆಲಿನ ಅಡಿಗೆಯವರು. ಅಷ್ಟು ವರ್ಷ ಮಕ್ಕಳಿಗೆ ಬಡಿಸಿದ ಕೈ ಅವತ್ತು ಎಲೆಯ ಮುಂದೆ ಕೂತಿತ್ತು.

ಅಂಕಪಟ್ಟಿಯ ಬಗ್ಗೆ ಒಂದು ಮಾತು. ಮೂಲ ಪ್ರತಿಯನ್ನು ದೇವರ ಮುಂದೆ ಇಟ್ಟು ಅರಿಸಿನ ಕುಂಕುಮ ಹಚ್ಚುವುದು ಭಕ್ತಿಯಿಂದಲೇ. ಆದರೆ ಎಣ್ಣೆ ಬೆರೆತ ಕುಂಕುಮ ಕಾಗದಕ್ಕೆ ಒಮ್ಮೆ ಇಳಿಯಿತೆಂದರೆ ಹೋಗುವುದಿಲ್ಲ. ಅದು ನೋಂದಣಿ ಸಂಖ್ಯೆಯ ಮೇಲೋ ಸಹಿಯ ಮೇಲೋ ಬಿದ್ದರೆ ದಾಖಲೆ ಪರಿಶೀಲನೆಯ ದಿನ ಉತ್ತರ ಹೇಳಬೇಕಾಗುತ್ತದೆ. ಬಣ್ಣದ ಜೆರಾಕ್ಸ್ ತೆಗೆಸಿ ಅದನ್ನು ಪೂಜೆಗೆ ಇಡಿ, ಬಂದವರ ಕೈಗೂ ಅದನ್ನೇ ಕೊಡಿ. ಚೆನ್ನಾಗಿರಲಿ ಎಂದು ಮೂಲ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಹಾಕಿಸುವುದೂ ಬೇಡ. ಮುಂದೆ ದೃಢೀಕರಣದ ಮುದ್ರೆ ಹಾಕಿಸಬೇಕಾಗಿ ಬಂದರೆ ಆ ಪ್ಲಾಸ್ಟಿಕ್ ಅಡ್ಡಬರುತ್ತದೆ. ಪ್ಲಾಸ್ಟಿಕ್ ಫೈಲಿನೊಳಗೆ ಇಟ್ಟರೆ ಸಾಕು. ವಾಟ್ಸಾಪ್ ಸ್ಟೇಟಸ್ಸಿಗೆ ಅಂಕಪಟ್ಟಿಯ ಚಿತ್ರ ಹಾಕುವವರು ಕಡೇಪಕ್ಷ ನೋಂದಣಿ ಸಂಖ್ಯೆಯನ್ನು ಮರೆಮಾಡಲಿ.

ಅಮ್ಮನ ಮೂರು ನಿಮಿಷ

ಊಟವನ್ನು ಯಾವ ಕಾರ್ಯಕ್ಕಾದರೂ ಹಾಕಬಹುದು. ಇದು ಪದವಿಯ ಊಟ ಎಂದು ಗೊತ್ತಾಗುವುದು ಮನೆಯವರೊಬ್ಬರು ಎದ್ದು ನಿಂತು ಆಡುವ ಮಾತಿನಿಂದ. ಯಾರು ಆಡಬೇಕು? ಚೆನ್ನಾಗಿ ಭಾಷಣ ಮಾಡುವ ಮಾವನೋ ಪಂಚಾಯಿತಿ ಸದಸ್ಯರೋ ಅಲ್ಲ. ಓದಿನ ದಿನಗಳನ್ನು ಹತ್ತಿರದಿಂದ ಕಂಡವರು ಆಡಬೇಕು. ನಮ್ಮ ಮನೆಯಲ್ಲಿ ಅದು ತಾಯಿ. ಅವರು ಯಾವತ್ತೂ ನಾಲ್ಕು ಜನರ ಮುಂದೆ ನಿಂತು ಮಾತಾಡಿದವರಲ್ಲ.

ಇಂಥವರಿಗೆ ಭಾಷಣ ಬರೆದುಕೊಟ್ಟರೆ ಅದು ಓದಿನ ಪರೀಕ್ಷೆಯಾಗುತ್ತದೆ, ಮಾತು ಸಾಯುತ್ತದೆ. ಬರೆಯುವ ಬದಲು ಮಾತಾಡಿಸಬೇಕು. ಮೂರು ದಿನ ಮೊದಲು, ರಾತ್ರಿ ಊಟವಾದ ಮೇಲೆ, ತಂಗಿಯ ಮಗಳೊಬ್ಬಳು ಫೋನಿನಲ್ಲಿ ರೆಕಾರ್ಡ್ ಹಾಕಿಕೊಂಡು ದೊಡ್ಡಮ್ಮನ ಎದುರು ಕೂತಳು. ಪಾಸಾದ ಹುಡುಗಿಯನ್ನು ಹೊರಗೆ ಕಳಿಸಿದ್ದರು, ಅವಳ ಎದುರಿಗೆ ಅಮ್ಮ ಬಾಯಿ ಬಿಡುವುದಿಲ್ಲ. ಕೇಳಿದ್ದು "ನಿಮಗೆ ಹೇಗನ್ನಿಸುತ್ತದೆ?" ಎಂದಲ್ಲ. ಅದಕ್ಕೆ ಸಿಗುವ ಉತ್ತರ "ಖುಷಿ ಆಯ್ತದೆ" ಎಂಬುದಷ್ಟೆ. ಕೇಳಿದ್ದು, ಯಾವತ್ತು ತುಂಬ ಕಷ್ಟ ಆಯಿತು, ಅವತ್ತು ಯಾರು ಏನು ಮಾಡಿದರು ಎಂದು. ಮುಕ್ಕಾಲು ಗಂಟೆ ಮಾತು ಬಂತು. ಅದರಲ್ಲಿ ನಾಲ್ಕು ಸಂಗತಿ ಆರಿಸಿಕೊಂಡರು. "ಎಲ್ಲರ ಸಹಕಾರದಿಂದ" ಎಂಬ ಮಾತು ಯಾರ ಮನಸ್ಸಿಗೂ ಇಳಿಯುವುದಿಲ್ಲ. ಗಂಜಿ ಮಾಡಿಕೊಟ್ಟರು ಎಂದರೆ ಗಂಜಿ ಮಾಡಿದವರಿಗೂ, ಕೇಳಿದವರಿಗೂ ಇಳಿಯುತ್ತದೆ.

ಆಮೇಲೆ ಬರುವುದು ಬಹಳ ಜನ ಬಿಟ್ಟುಬಿಡುವ ಕೆಲಸ, ಒಪ್ಪಿಗೆ ಕೇಳುವುದು. ಸೋದರತ್ತೆ ದುಡ್ಡು ಕೊಟ್ಟದ್ದು ಅವರ ಗಂಡನಿಗೆ ಗೊತ್ತಿಲ್ಲದಿರಬಹುದು. ಒಡವೆ ಅಡವಿಟ್ಟು ತಂದಿರಬಹುದು. ಅದನ್ನು ಮೂವತ್ತು ಜನರ ಮುಂದೆ ಹೇಳುವುದು ಕೃತಜ್ಞತೆಯೂ ಆಗಬಹುದು, ಅವರ ಮನೆಯಲ್ಲಿ ಜಗಳಕ್ಕೂ ಕಾರಣವಾಗಬಹುದು. ಕೇಳಿದಾಗ ಅವರು, "ದುಡ್ಡು ತಂದೆ ಅಂತ ಹೇಳು, ಎಷ್ಟು ಅಂತ, ಎಲ್ಲಿಂದ ಅಂತ ಹೇಳ್ಬೇಡ" ಎಂದರು. ಅಣ್ಣನದು ಇನ್ನೂ ಸೂಕ್ಷ್ಮ. ತಂಗಿ ಓದಲಿ ಎಂದು ದುಡಿಯಲು ಹೋದವನನ್ನು ತ್ಯಾಗಿ ಎಂದು ಹೊಗಳಿದರೆ, ಓದು ಬಿಟ್ಟವನು ಎಂಬ ಗುರುತನ್ನೇ ಮತ್ತೊಮ್ಮೆ ಹಚ್ಚಿದಂತೆ. ಅವನು ಅಮ್ಮನಿಗೆ ಹೇಳಿದ್ದು: "ನಾನು ಸ್ಕೂಲ್ ಬಿಟ್ಟಿದ್ದು ಹೇಳ್ಬೇಡ. ದಿನಾ ಬಸ್‌ಸ್ಟ್ಯಾಂಡಿಗೆ ಬಿಡ್ತಿದ್ನಲ್ಲ, ಅದು ಬೇಕಾದ್ರೆ ಹೇಳು."

ಮಾತು ಊಟಕ್ಕೆ ಮುಂಚೆಯೇ ಆಗಬೇಕು. ಎಲೆ ಹಾಕಿದ ಮೇಲೆ ಯಾರ ಕಿವಿಯೂ ಇತ್ತ ಇರುವುದಿಲ್ಲ. ಟಿ.ವಿ., ಮಿಕ್ಸರ್, ಬರ್ನರ್ ಆರಿಸಿ. ಮೈಕ್ ಬೇಡ. ಮೈಕ್ ಇದ್ದರೆ ಮಾವಂದಿರು ಬಿಡುವುದಿಲ್ಲ. ಅಮ್ಮನ ಕೈಯಲ್ಲಿ ಐದು ಪದ ಬರೆದ ಚೀಟಿ ಇತ್ತು: ನಮಸ್ಕಾರ, ಫೀಸು, ಗಂಜಿ, ಬಸ್ಸು, ಮುಂದೆ. ಅವರು ಐದನೇ ಕ್ಲಾಸಿನವರೆಗೆ ಓದಿದವರಾದ್ದರಿಂದ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಕ್ಷರ ಬಾರದವರಿಗೆ ಇದನ್ನೇ ಚಿತ್ರ ಬರೆದು ಕೊಡಬಹುದು. ಎರಡು ಸಲ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದರು. ಅದಕ್ಕಿಂತ ಹೆಚ್ಚು ಮಾಡಿದರೆ ಬಾಯಿಪಾಠದಂತೆ ಕೇಳಿಸುತ್ತದೆ. ಅವರು ಹೇಳಿದ್ದು ಹೀಗೆ:

"ಎಲ್ರಿಗೂ ನಮಸ್ಕಾರ. ಊಟ ರೆಡಿ ಐತೆ, ಮೂರು ನಿಮಿಷ ಕೂತ್ಕಳಿ.

ನನ್ ಮಗ್ಳು ಬಿಕಾಂ ಪಾಸಾಗವ್ಳೆ. ನಮ್ಮಪ್ಪನ ಮನೇಲೂ, ಇವ್ರಪ್ಪನ ಮನೇಲೂ ಇಲ್ಲೀಗಂಟ ಯಾರೂ ಡಿಗ್ರಿ ಓದಿರ್ಲಿಲ್ಲ. ಇವ್ಳೇ ಮೊದ್ಲು.

ಎರಡ್ನೇ ವರ್ಷ ಪರೀಕ್ಷೆ ಫೀಸ್ ಕಟ್ಟಕ್ಕೆ ಕೊನೇ ದಿನ ಬಂತು, ನಂಗಿನ್ನೂ ಸಂಬ್ಳ ಆಗಿರ್ಲಿಲ್ಲ. ನಮ್ ನಾದಿನಿ ಬೆಳಿಗ್ಗೆ ಬಸ್ಸಲ್ಲಿ ಬಂದ್ಲು, ದುಡ್ಡು ಕೈಗಿಟ್ಲು, ಕಾಫೀನೂ ಕುಡೀದೆ ಅದೇ ಬಸ್ಸು ತಿರುಗ್ಸಿಕೊಂಡು ಬರೋ ಹೊತ್ಗೆ ಹೊರ್ಟೋದ್ಲು. ಅವತ್ತು ನಿಂಗೆ ಏನೂ ಹೇಳಕ್ಕಾಗ್ಲಿಲ್ಲ. ಇವತ್ತು ಎಲ್ರ ಮುಂದೆ ಹೇಳ್ತೀನಿ, ಇವ್ಳು ಆ ಪರೀಕ್ಷೆ ಬರ್ದಿದ್ದು ನಿನ್ನಿಂದ ಕಣವ್ವ.

ಹಾಸ್ಟೆಲಲ್ಲಿ ಅಡಿಗೆ ಮಾಡೋ ಅಕ್ಕ ಇಲ್ಲವ್ರೆ. ಇವ್ಳಿಗೆ ಟೈಫಾಯ್ಡ್ ಬಂದಾಗ ನಂಗೆ ರಜ ಸಿಗ್ಲಿಲ್ಲ. ಇವ್ರು ನೂರು ಮಕ್ಳ ಅಡಿಗೆ ಮಾಡ್ಕಂಡು, ಇವ್ಳೊಬ್ಳಿಗೆ ಬೇರೆ ಗಂಜಿ ಬೇಯ್ಸಿ ಕೊಟ್ರು. ಅಕ್ಕ, ನಾನು ಮಾಡ್ಬೇಕಾದ್ದು ನೀವು ಮಾಡಿದ್ರಿ.

ಸ್ಕಾಲರ್‌ಶಿಪ್ ಅರ್ಜಿ ತಿರುಗಿ ಬಂದಿತ್ತು, ಆಧಾರಲ್ಲಿ ಹೆಸ್ರು ಬೇರೆ ಅದೆ ಅಂತ. ನಮ್ಗೆ ಏನು ಮಾಡ್ಬೇಕು ಅಂತಾನೇ ತಿಳೀನಿಲ್ಲ. ಮೇಡಮ್ಮೋರು ತಾವೇ ಕೂತು ಸರಿ ಮಾಡ್ಸಿಕೊಟ್ರು.

ಮೊದ್ಲನೇ ವರ್ಷ ಹಾಸ್ಟೆಲ್ ಸಿಕ್ಕಿರ್ಲಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ, ಮಳೆ ಬರ್ಲಿ ಚಳಿ ಇರ್ಲಿ, ಇವ್ಳಣ್ಣ ಬೈಕಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಕೆಲ್ಸಕ್ಕೆ ಹೋಗೋನು. ಒಂದಿನಾನೂ ಬಸ್ ತಪ್ಪಿಸ್ನಿಲ್ಲ.

ಮುಂದೆ ಇವ್ಳು ಸರ್ಕಾರಿ ಕೆಲ್ಸದ ಪರೀಕ್ಷೆಗೆ ಓದ್ತಾಳೆ. ಒಂದು ವರ್ಷ ಓದ್ಲಿ, ಬೇರೆ ಮಾತು ತೆಗೆಯಾದು ಬೇಡ ಅಂತ ನಾವಿಬ್ರೂ ಮಾತಾಡ್ಕಂಡಿದ್ದೀವಿ. ನೀವೂ ಹಂಗೇ ನಡೆಸ್ಕೊಡಿ. ದೊಡ್ಡೋರೆಲ್ಲ ಇವ್ಳ ತಲೆ ಮೇಲೆ ಕೈ ಇಡಿ. ಬನ್ನಿ, ಎಲೆ ಹಾಕ್ತೀವಿ."

ಈ ಮಾತಿನಲ್ಲಿ ಇಲ್ಲದ್ದನ್ನೂ ಗಮನಿಸಿ. "ನಂಗೆ ಮಾತಾಡಕ್ಕೆ ಬರಾಕಿಲ್ಲ" ಎಂಬ ಶುರು ಇಲ್ಲ. ಹಾಗೆ ಶುರುಮಾಡಿದವರಿಗೆ ಮುಂದಿನ ಮಾತು ಇನ್ನೂ ಕಷ್ಟವಾಗುತ್ತದೆ. ಅಂಕ, ಶೇಕಡಾವಾರು ಇಲ್ಲ, ಯಾಕೆಂದರೆ ಅಲ್ಲೇ ಕೂತ ಗೆಳತಿಯೊಬ್ಬಳಿಗೆ ಒಂದು ವಿಷಯ ಉಳಿದಿದೆ. "ನಮ್ಮ ಹುಡುಗಿಯನ್ನು ನೋಡಿ ಕಲಿಯಿರಿ" ಎಂದು ಉಳಿದ ಮಕ್ಕಳಿಗೆ ಹೇಳಿಲ್ಲ. ಕೊನೆಯ ಭಾಗದ "ಬೇರೆ ಮಾತು" ಯಾವುದೆಂದು ಎಲ್ಲರಿಗೂ ಗೊತ್ತು. ಊಟದ ಸಾಲಿನಲ್ಲಿ "ಕೆಲಸ ಸಿಕ್ತಾ, ಗಂಡು ನೋಡ್ತಿದ್ದೀರಾ" ಎಂಬ ಪ್ರಶ್ನೆಗಳು ಹುಡುಗಿಯನ್ನು ಮುತ್ತದಂತೆ ತಾಯಿ ಎಲ್ಲರ ಮುಂದೆ ಕಟ್ಟು ಹಾಕಿದ್ದು ಅದು. ಪ್ರಶ್ನೆಗಳು ಪೂರ್ತಿ ನಿಲ್ಲುವುದಿಲ್ಲ, ಆದರೆ ಅಂಥ ಪ್ರಶ್ನೆ ಬಂದಾಗ "ಅಮ್ಮ ಹೇಳಿದರಲ್ಲ" ಎನ್ನಲು ಹುಡುಗಿಗೆ ದಾರಿಯಾಗುತ್ತದೆ.

ಅಳು ಬರುವುದಕ್ಕೆ ಹೆದರಬೇಕಿಲ್ಲ, ಆದರೆ ಸಿದ್ಧತೆ ಇರಲಿ. ಗಂಟಲು ಕಟ್ಟಿದರೆ ನಿಂತು ಒಂದು ಗುಟುಕು ನೀರು ಕುಡಿಯಲಿ, ಯಾರೂ "ಸಾಕು ಬಿಡಮ್ಮ, ಕೂತ್ಕೋ" ಎನ್ನಬಾರದು. ಕೂರಿಸಿಬಿಟ್ಟರೆ ಹೇಳದೆ ಉಳಿದವರ ಹೆಸರು ಉಳಿದೇ ಹೋಗುತ್ತದೆ. ಪಕ್ಕದಲ್ಲಿ ಒಬ್ಬರು ಅದೇ ಚೀಟಿಯ ಇನ್ನೊಂದು ಪ್ರತಿ ಹಿಡಿದು ನಿಂತಿರಲಿ, ಮುಂದಿನ ಪದವನ್ನು ಮೆಲ್ಲಗೆ ಹೇಳಿಕೊಟ್ಟರೆ ಸಾಕು. ಹುಡುಗಿಯ ಉತ್ತರ ಎರಡು ವಾಕ್ಯ ಮೀರಬಾರದು. ಇಲ್ಲಿ ಅವಳು ಅಪ್ಪನ ಹೆಸರು ಹೇಳಿದಳು, ಅಮ್ಮ ಬಿಟ್ಟಿದ್ದ ಹೆಸರು ಅದೊಂದೇ.

ವಿಡಿಯೊ ತೆಗೆಯುವ ಕೆಲಸ ಒಬ್ಬರಿಗೇ ವಹಿಸಿ. ಫೋನನ್ನು ಅಡ್ಡ ಹಿಡಿದು, ಮಾತಾಡುವವರಿಂದ ಐದಾರು ಅಡಿಯೊಳಗೆ ನಿಲ್ಲಬೇಕು. ದೂರದಿಂದ ತೆಗೆದರೆ ಅಂಗಳದ ಗದ್ದಲವೇ ಕೇಳುತ್ತದೆ. ಬರಲಾಗದವರಿಗೆ ಅವತ್ತೇ ಸಂಜೆ ಅದನ್ನು ಕಳಿಸಬೇಕು, ನಮ್ಮ ಮನೆಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಿಗೆ ಹುಷಾರಿಲ್ಲದೆ ಬರಲಾಗಿರಲಿಲ್ಲ. ಶಾಮಿಯಾನದ ಸಾಮಾನನ್ನು ಭಾನುವಾರ ಸಂಜೆಯೇ ತೊಳೆದು ವಾಪಸು ಕೊಡಿ, ಸೋಮವಾರ ಬೆಳಿಗ್ಗೆ ತಾಯಿಗೆ ಫ್ಯಾಕ್ಟರಿ ಬಸ್ಸಿದೆ. ಹುಡುಗಿಗೂ ಆ ವಾರ ಒಂದು ಕೆಲಸವಿದೆ. ಘಟಿಕೋತ್ಸವಕ್ಕೆ ಅರ್ಜಿ ಕರೆದಿದ್ದಾರೆಯೇ, ಕೊನೆಯ ದಿನ ಯಾವುದು ಎಂದು ಕಾಲೇಜಿನಲ್ಲಿ ವಿಚಾರಿಸಬೇಕು. ತಡವಾದರೆ ದಂಡ ಕಟ್ಟಬೇಕಾಗಬಹುದು, ಇಲ್ಲವೇ ಮುಂದಿನ ವರ್ಷದವರೆಗೆ ಕಾಯಬೇಕಾಗಬಹುದು. ಅರ್ಜಿ ತುಂಬುವಾಗ ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.